ಹೆಸರು ಕತ್ತರಿಸಿಯೇ ಹಾಕಿದ್ದೆ, ಆದ್ರೂ ರೋಗಿ ಯಾರು ಅಂತ ಗೊತ್ತಾಗಿಹೋಯ್ತು

ರಾತ್ರಿಪಾಳಿ_ಡಾಕ್ಟರ್
ಸುತ್ತುಬಳಸಿ ಹೇಳಲ್ಲ, ತಪ್ಪು ನನ್ನದೇ. ಮುಂದೆ ಹೇಗೆ ಅಂತ ಕೇಳೋಕೆ ಬಂದಿದ್ದೀನಿ.

ನಮ್ಮದೊಂದು ವಾಟ್ಸಾಪ್ ಗುಂಪಿದೆ. ಬೇರೆ ಬೇರೆ ಆಸ್ಪತ್ರೆಗಳ ಡಾಕ್ಟರು, ನರ್ಸು, ಒಂದಷ್ಟು ಟೆಕ್ನಿಷಿಯನ್‌ಗಳು ಸೇರಿ 214 ಜನ. ಕಷ್ಟದ ಕೇಸ್ ಬಂದರೆ ಹಾಕ್ತೀವಿ, ಯಾರೋ ಒಬ್ಬರು ಎಚ್ಚರ ಇದ್ದೇ ಇರ್ತಾರೆ. ಒಂದು ರಾತ್ರಿ ಎರಡೂವರೆಗೆ ಒಬ್ಬರನ್ನು ಕರ್ಕೊಂಡು ಬಂದರು. ನಾಡಿ 38, ಪೊಟ್ಯಾಸಿಯಂ 7.1, ಇಸಿಜಿಯಲ್ಲಿ ಕ್ಯೂಆರ್‌ಎಸ್ ಅಗಲವಾಗಿ ಹರಡಿಕೊಂಡಿದೆ. ಡಿಗಾಕ್ಸಿನ್ ತಗೊಳ್ತಿರೋರಿಗೆ ಕ್ಯಾಲ್ಸಿಯಂ ಕೊಡಬಹುದಾ ಅನ್ನೋದಷ್ಟೇ ನನ್ನ ಅನುಮಾನ. ಸೀನಿಯರ್ ಫೋನ್ ಎತ್ತಲಿಲ್ಲ. ಗುಂಪಿಗೆ ಹೀಗೆ ಹಾಕಿದೆ:

"46 ವರ್ಷ, ಗಂಡಸು, ಸಂಗೀತ ಮೇಷ್ಟ್ರು. ಎಚ್‌ಐವಿ ಪಾಸಿಟಿವ್, ಹಳೇ ಕಿಡ್ನಿ ತೊಂದರೆ, ಎಎಫ್‌ಗೆ ಡಿಗಾಕ್ಸಿನ್. ಇವತ್ತು ಪಾಠ ಮಾಡ್ತಾ ಕುಸಿದು ಬಿದ್ದರಂತೆ. ಕೆ 7.1. ಕ್ಯಾಲ್ಸಿಯಂ ಕೊಡಲಾ?"

ಜೊತೆಗೆ ಇಸಿಜಿ ಫೋಟೋ, ಮೇಲಿನ ಹೆಸರು ಕತ್ತರಿಸಿ. ನಾಲ್ಕು ನಿಮಿಷದಲ್ಲಿ ಉತ್ತರ ಬಂತು. ಕೊಟ್ಟೆ, ಉಳಿದರು.

ಆದ್ರೆ ಗುಂಪಿನಲ್ಲಿದ್ದ ಒಬ್ಬ ನರ್ಸ್ ಮಗಳು ಇವರ ಹತ್ತಿರವೇ ಹಾಡು ಕಲೀತಿದ್ದಳು. "ಮೇಷ್ಟ್ರು ಪಾಠದ ಮಧ್ಯೆ ಬಿದ್ದುಬಿಟ್ಟರು" ಅಂತ ಸಂಜೆಯೇ ಮನೇಲಿ ಹೇಳಿದ್ದಳು. ತಾಯಿ ರಾತ್ರಿ ಮೆಸೇಜ್ ನೋಡಿದರು. ಮರುವಾರ ಆ ಹುಡುಗಿ ಪಾಠಕ್ಕೆ ಬರಲಿಲ್ಲ. ಆಮೇಲೆ ಇನ್ನಿಬ್ಬರು ಬರಲಿಲ್ಲ.

ಅವರು ಮತ್ತೆ ತೋರಿಸೋಕೆ ಬಂದಾಗ ಕೂಗಾಡಲಿಲ್ಲ. "ಒಳ್ಳೇದಕ್ಕೇ ಹಾಕಿದ್ದೀರಿ, ಗೊತ್ತು. ಎಷ್ಟು ಜನ ನೋಡಿದ್ರು ಡಾಕ್ಟ್ರೇ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಗುಂಪು ಮುಚ್ಚೋಣ ಅಂತ ಅರ್ಧ ಜನ, ಹೆಸರು ತೆಗೆದರೆ ಸಾಕು ಅಂತ ಇನ್ನರ್ಧ. ನೀವೆಲ್ಲ ಏನು ಮಾಡ್ತೀರಿ?

ಪಿಜಿ_ಎರಡನೇವರ್ಷ
ವಾಟ್ಸಾಪ್ ಎನ್‌ಕ್ರಿಪ್ಟ್ ಆಗಿರುತ್ತಲ್ವಾ ಸರ್? ಹೊರಗಿನವರು ಓದೋಕೆ ಆಗಲ್ಲ. ಇಲ್ಲಿ ತಪ್ಪು ಆ ನರ್ಸ್‌ದು.

ಹಳೇ_ಮೆಟ್ರನ್
ಹೊರಗಿನವರು ಯಾರಪ್ಪ ಓದಿದ್ದು? ಒಳಗಿದ್ದ 214ರಲ್ಲಿ ಒಬ್ಬಳು ಓದಿದ್ದು. ಬೀಗ ಭದ್ರವಾಗಿದೆ ಸರಿ, ಬೀಗದ ಕೈ 214 ಜನರ ಹತ್ತಿರ ಇದೆ.

ಆ ನರ್ಸ್ ಬಾಯಿ ಬಿಟ್ಟಿದ್ದು ತಪ್ಪೇ. ಆದ್ರೆ ಅವಳೇನೂ ಹುಡುಕಿಕೊಂಡು ಹೋಗಿರಲಿಲ್ಲ. ರಾತ್ರಿ ಫೋನ್ ಮಿನುಗಿತು, ಕಣ್ಣಿಗೆ ಬಿತ್ತು. ಒಮ್ಮೆ ಓದಿದ್ದನ್ನು ಓದಿಲ್ಲ ಅನ್ನೋಕಾಗುತ್ತಾ?

ಇಸಿಜಿ_ಹುಚ್ಚ
ಡಿಗಾಕ್ಸಿನ್ ಇರೋವಾಗ ಕ್ಯಾಲ್ಸಿಯಂ ಕೊಡಲೇಬಾರದು ಅಂತ ನಮಗೆ ಕಲಿಸಿದ್ದು. ಹೃದಯ ಕಲ್ಲಾಗಿ ನಿಂತುಬಿಡುತ್ತೆ. ಯಾರ್ರೀ ಕೊಡಿ ಅಂದಿದ್ದು?

ಅರವಳಿಕೆ_25
ಅದು ಹಳೇ ಭಯ ಸರ್. ಡಿಗಾಕ್ಸಿನ್ ಮೇಲಿದ್ದವರಿಗೆ ಕ್ಯಾಲ್ಸಿಯಂ ಕೊಟ್ಟ ರೋಗಿಗಳ ದಾಖಲೆಗಳನ್ನು ಆಮೇಲೆ ತೆಗೆದು ನೋಡಿದಾಗ ಆ ಕಲ್ಲು ಹೃದಯ ಕಾಣಿಸಲಿಲ್ಲ. ಪೊಟ್ಯಾಸಿಯಂ 7 ದಾಟಿ ಕ್ಯೂಆರ್‌ಎಸ್ ಅಗಲ ಆಗಿರೋವಾಗ ಕೊಡದೆ ಕೂರೋದೇ ಹೆಚ್ಚು ಅಪಾಯ. 10% ಗ್ಲುಕೋನೇಟ್ 10 ಮಿ.ಲೀ. ನಿಧಾನಕ್ಕೆ, ಮಾನಿಟರ್ ನೋಡ್ತಾ. ಐದು ನಿಮಿಷಕ್ಕೂ ಇಸಿಜಿ ಬದಲಾಗದಿದ್ರೆ ಇನ್ನೊಂದು ಸಲ. ಅದರ ಪರಿಣಾಮ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ, ಅಷ್ಟರೊಳಗೆ ಇನ್ಸುಲಿನ್-ಗ್ಲೂಕೋಸ್ ಶುರುವಾಗಿರಬೇಕು.

ಐಸಿಯು_ಸಿಸ್ಟರ್
ನಮ್ಮಲ್ಲಿ ಮೊದಲ ಸಲವೇ 30 ಮಿ.ಲೀ. ಹಾಕ್ತಾರೆ.

ಇಸಿಜಿ_ಹುಚ್ಚ
ಹೌದು, ಕೆಲವು ಮಾರ್ಗಸೂಚಿಗಳಲ್ಲಿ 30 ಅಂತಲೂ ಇದೆ.

ಹಳೇ_ಮೆಟ್ರನ್
ನೋಡಿದ್ರಾ? ಆ ಮನುಷ್ಯನ ಮಾನ ಹೋಗಿದೆ ಅಂತ ಕೇಳೋಕೆ ಬಂದರೆ ನೀವು ಮಿ.ಲೀ. ಲೆಕ್ಕ ಹಾಕ್ತಾ ಇದ್ದೀರಿ.

ಅರವಳಿಕೆ_25
ಬೈಯಿರಿ ಮೇಡಂ, ಆದ್ರೆ ಈ ಮಿ.ಲೀ. ಮಾತೇ ಒಂದು ವಿಷಯ ತೋರಿಸ್ತಾ ಇದೆ. ಅದಕ್ಕೆ ರೋಗಿ ಸಂಗೀತ ಮೇಷ್ಟ್ರು ಅನ್ನೋದು ಎಲ್ಲಾದರೂ ಬೇಕಾಯ್ತಾ?

ಮೆಸೇಜನ್ನು ಒಂದೊಂದೇ ತುಂಡು ಮಾಡಿ ನೋಡಿ. ವಯಸ್ಸು 46: ವಯಸ್ಕರು ಅಂತ ಗೊತ್ತಾದರೆ ಸಾಕು, ನಲವತ್ತರ ಆಸುಪಾಸು ಅಂದರೂ ಉತ್ತರ ಅದೇ. ಗಂಡಸು: ಈ ಪ್ರಶ್ನೆಗೆ ಬೇಡ. ಮೇಷ್ಟ್ರು: ಬೇಡ. "ಪಾಠ ಮಾಡ್ತಾ ಬಿದ್ದರು": ಬೇಡ, ಹಿಡಿದುಕೊಟ್ಟಿದ್ದೇ ಆ ಸಾಲು. "ಇವತ್ತು": ಬೇಡ. ಎಚ್‌ಐವಿ: ಬೇಡ. ಕಿಡ್ನಿ ತೊಂದರೆ, ಡಯಾಲಿಸಿಸ್ ಇದೆಯಾ ಇಲ್ವಾ: ಬೇಕು. ಡಿಗಾಕ್ಸಿನ್: ಬೇಕು, ಪ್ರಶ್ನೆಯೇ ಅದು.

ಇನ್ನು ಬೇಕಾದ್ದೇ ಬಿಟ್ಟುಹೋಗಿತ್ತು. ಬಿಪಿ ಎಷ್ಟು? ರಕ್ತದ ಸ್ಯಾಂಪಲ್ ಒಡೆದಿರಲಿಲ್ಲ ತಾನೇ? ಕಣಗಳು ಒಡೆದರೆ ಪೊಟ್ಯಾಸಿಯಂ ಸುಳ್ಳೇ ಏರುತ್ತೆ. ಇಲ್ಲಿ ಇಸಿಜಿ ಕೆಟ್ಟಿತ್ತು, ಹಾಗಾಗಿ ನಂಬಬಹುದು, ಆದ್ರೂ ನಾನಾಗಿದ್ದರೆ ಕೇಳ್ತಿದ್ದೆ. ನಾನು ಬರೆದಿದ್ದರೆ ಹೀಗೆ:

"ನಲವತ್ತರ ಆಸುಪಾಸು. ಹಳೇ ಕಿಡ್ನಿ ತೊಂದರೆ, ಡಯಾಲಿಸಿಸ್ ಇಲ್ಲ. ಡಿಗಾಕ್ಸಿನ್ ಮೇಲಿದ್ದಾರೆ. ಕೆ 7.1, ಸ್ಯಾಂಪಲ್ ಒಡೆದಿಲ್ಲ. ನಾಡಿ 38, ಬಿಪಿ ಇಷ್ಟು, ಕ್ಯೂಆರ್‌ಎಸ್ ಅಗಲ. ಕ್ಯಾಲ್ಸಿಯಂ ಕೊಡಲಾ?"

ಇದು ನಿಮ್ಮದಕ್ಕಿಂತ ಉಪಯೋಗದ ಮೆಸೇಜು. ಇದನ್ನು ಆ ಹುಡುಗಿಯ ತಾಯಿ ಓದಿದರೂ ಮೇಷ್ಟ್ರು ನೆನಪಾಗ್ತಿರಲಿಲ್ಲ.

ಪಿಜಿ_ಎರಡನೇವರ್ಷ
ಸರ್ ಒಂದು ನಿಮಿಷ. ಎಚ್‌ಐವಿ ಬೇಡ ಅಂದ್ರಿ. ಅವರು ಕೋಟ್ರೈಮೊಕ್ಸಜೋಲ್ ತಗೊಳ್ತಿದ್ದರೆ? ಅದರಲ್ಲಿರೋ ಟ್ರೈಮೆಥೊಪ್ರಿಮ್ ಪೊಟ್ಯಾಸಿಯಂ ಹೊರಹೋಗೋದನ್ನು ತಡೆಯುತ್ತೆ. ಕಿಡ್ನಿ ಮೊದಲೇ ಮಂದ ಇದ್ದರೆ ಕೇಳೋದೇ ಬೇಡ. ಪೊಟ್ಯಾಸಿಯಂ ಯಾಕೆ ಏರಿತು ಅನ್ನೋದಕ್ಕೆ ಉತ್ತರವೇ ಅಲ್ಲಿರಬಹುದು.

ರಾತ್ರಿಪಾಳಿ_ಡಾಕ್ಟರ್
ತಗೊಳ್ತಿದ್ದರು. ಎರಡು ವಾರದ ಹಿಂದೆ ಶುರುವಾಗಿತ್ತು, ಬೆಳಿಗ್ಗೆ ನಿಲ್ಲಿಸಿದ್ವಿ.

ಅರವಳಿಕೆ_25
ಭೇಷ್, ಒಳ್ಳೇ ಪಾಯಿಂಟು. ಆದ್ರೂ ಬೇಕಾಗಿದ್ದು ಔಷಧಿಯ ಹೆಸರು, ಕಾಯಿಲೆಯ ಹೆಸರಲ್ಲ. ಅದೂ ರಾತ್ರಿ ಎರಡೂವರೆಯ ಪ್ರಶ್ನೆಗಲ್ಲ, ಬೆಳಿಗ್ಗೆಯ ಪ್ರಶ್ನೆಗೆ. ಮೊದಲು ಕೇಳಬೇಕಾದ್ದನ್ನು ಕೇಳಿ, ಯಾರಾದರೂ "ಬೇರೆ ಮಾತ್ರೆ ಏನಿದೆ" ಅಂದರೆ ಆಗ ಹೇಳಿ.

ಐಸಿಯು_ಸಿಸ್ಟರ್
ಔಷಧಿ ಹೆಸರು ಹೇಳಿದರೆ ಕಾಯಿಲೆ ಹೇಳಿದ ಹಾಗೇ ಅಲ್ವಾ ಡಾಕ್ಟ್ರೇ? ದಿನಾ ಒಂದು ಕೋಟ್ರೈಮೊಕ್ಸಜೋಲ್ ಅಂದ ತಕ್ಷಣ ನಮ್ಮ ವಾರ್ಡಿನ ಹೊಸ ಹುಡುಗಿಯೂ ಊಹಿಸ್ತಾಳೆ. ಗುಂಪಿನಲ್ಲಿರೋರು ಎಲ್ಲ ನಮ್ಮ ಕಸುಬಿನವರೇ. ಹೊರಗಿನವರಿಗಿಂತ ನಮಗೇ ಇಂಥದ್ದು ಬೇಗ ಹೊಳೆಯೋದು.

ಅರವಳಿಕೆ_25
ಹೊಳೆಯುತ್ತೆ. "ಪೊಟ್ಯಾಸಿಯಂ ಏರಿಸೋ ಔಷಧಿ ಒಂದಿದೆ, ನಿಲ್ಲಿಸಿದ್ದೀನಿ" ಅಂತ ಬರೆಯಬಹುದು. ಹೆಸರೇ ಬೇಕು ಅಂದರೆ ಸಲಹೆ ಕೊಟ್ಟವರಿಗೆ ಬೇರೆಯಾಗಿ ಫೋನ್ ಮಾಡಬಹುದು. ಪೂರ್ತಿ ಪರಿಹಾರ ಅಂತ ನಾನೂ ಹೇಳಲ್ಲ.

ಮನೆಯವರ_ಗುಂಪು
ನಮ್ಮ ತಾಯಿಯ ರಿಪೋರ್ಟನ್ನು ಅಣ್ಣ ನಮ್ಮ ಕುಟುಂಬದ ಗುಂಪಿಗೆ ಹಾಕಿಬಿಟ್ಟಿದ್ದಾನೆ, ತೆಗೀ ಅಂದರೆ ತೆಗೀತಾ ಇಲ್ಲ. ಆಸ್ಪತ್ರೆಯಿಂದ ಅವನಿಗೆ ಹೇಳಿಸಬಹುದಾ?

ಹಳೇ_ಮೆಟ್ರನ್
ಅದು ಬೇರೆ ಕಥೆ ಅಮ್ಮ, ಇಲ್ಲಿ ಡಾಕ್ಟರುಗಳ ಗುಂಪಿನ ಮಾತು ನಡೀತಿದೆ. ನಿಮ್ಮ ತಾಯಿಯ ಕೈಲೇ ಅಣ್ಣನಿಗೆ ಹೇಳಿಸಿ, ಆಸ್ಪತ್ರೆಯವರಿಂದ ಏನೂ ಆಗಲ್ಲ.

ಕ್ಷಕಿರಣ_ತಂತ್ರಜ್ಞ
ಇಸಿಜಿ ಫೋಟೋ ಬಗ್ಗೆ ಯಾರೂ ಕೇಳಲಿಲ್ಲ. ಮೇಲಿನ ಹೆಸರು ಕತ್ತರಿಸಿದ್ರಿ. ಕೆಳಗಿನ ಅಂಚು?

ರಾತ್ರಿಪಾಳಿ_ಡಾಕ್ಟರ್
ನೀವು ಕೇಳಿದ ಮೇಲೆ ಈಗ ತೆಗೆದು ನೋಡಿದೆ. ಕೆಳಗಿನ ಅಂಚಿನಲ್ಲಿ ರೋಗಿಯ ಸಂಖ್ಯೆ, ತಾರೀಕು, ಗಂಟೆ ಎಲ್ಲಾ ಸಣ್ಣಕ್ಷರದಲ್ಲಿ ಇದೆ. ಇಷ್ಟು ದಿನ ನಾನೇ ನೋಡಿರಲಿಲ್ಲ.

ಕ್ಷಕಿರಣ_ತಂತ್ರಜ್ಞ
ಅದೇ. ಎಷ್ಟೋ ಯಂತ್ರಗಳು ಎರಡೂ ಕಡೆ ಮುದ್ರಿಸ್ತವೆ. ಹಾಗಂತ ಕೆಳಗಿನ ಅಂಚನ್ನು ಪೂರ್ತಿ ಹಾರಿಸಿಬಿಟ್ಟರೆ ಅದರ ಜೊತೆ 25 ಎಂಎಂ/ಸೆಕೆಂಡ್, 10 ಎಂಎಂ/ಎಂವಿ ಅನ್ನೋದೂ ಹೋಗುತ್ತೆ. ಕಾಗದದ ವೇಗ ಗೊತ್ತಿಲ್ಲದೆ ಕ್ಯೂಆರ್‌ಎಸ್ ಅಗಲ ಅಂತ ಯಾವ ಧೈರ್ಯದಲ್ಲಿ ಹೇಳ್ತಾರೆ? ಅದನ್ನು ಕೈಯಾರೆ ಟೈಪ್ ಮಾಡಿ.

ಫೋಟೋ ತೆಗೆದ ಮೇಲೆ ಮುಚ್ಚೋಕೆ ಹೋಗಬೇಡಿ, ಮುಚ್ಚಿ ಆಮೇಲೆ ತೆಗೀರಿ. ನಾನು ಬಿಳಿ ಕಾಗದದ ಎರಡು ಪಟ್ಟಿ ಮೇಲೆ ಕೆಳಗೆ ಇಟ್ಟು ಕ್ಲಿಕ್ ಮಾಡ್ತೀನಿ. ಫೋನಿನ ಹೈಲೈಟರ್‌ನಲ್ಲಿ ಕಪ್ಪು ಬಳಿದರೆ ನಮ್ಮ ಕಣ್ಣಿಗೆ ಮುಚ್ಚಿದ ಹಾಗೆ ಕಾಣುತ್ತೆ, ಆದ್ರೆ ಆ ಬಣ್ಣ ಅರೆಪಾರದರ್ಶಕ. ಬ್ರೈಟ್‌ನೆಸ್ ಪೂರ್ತಿ ಏರಿಸಿ ನೋಡಿ, ಅಕ್ಷರ ಎದ್ದು ಬರುತ್ತೆ. ನಮ್ಮ ಹುಡುಗರಿಗೆ ಇದನ್ನು ಮಾಡಿ ತೋರಿಸಿದಾಗ ಒಬ್ಬನ ಮುಖ ಬಿಳುಚಿಕೊಂಡಿತು, ಹಿಂದಿನ ದಿನ ತಾನೇ ಏಳು ಎಕ್ಸ್‌ರೇ ಕಳಿಸಿದ್ದ.

ಕತ್ತರಿಸಿದ್ದೂ ಯಾವಾಗಲೂ ಹೋಗಿರುತ್ತೆ ಅಂತಿಲ್ಲ. 2023ರಲ್ಲಿ ಪಿಕ್ಸೆಲ್ ಫೋನುಗಳಲ್ಲಿ ಒಂದು ದೋಷ ಹೊರಬಂತು. ಕ್ರಾಪ್ ಮಾಡಿದ ಸ್ಕ್ರೀನ್‌ಶಾಟಿನಲ್ಲಿ ಕತ್ತರಿಸಿದ ಭಾಗ ಫೈಲಿನೊಳಗೇ ಉಳಿದಿರ್ತಿತ್ತು, ಒಂದಷ್ಟನ್ನು ಮತ್ತೆ ಹೊರಗೆ ತೆಗೆಯಬಹುದಿತ್ತು. ಅದನ್ನು ಸರಿ ಮಾಡಿದ್ದಾರೆ, ಆದ್ರೆ ಅದಕ್ಕೂ ಮುಂಚೆ ಕಳಿಸಿದ್ದು ಹಾಗೇ ಇದೆ.

ಐಸಿಯು_ಸಿಸ್ಟರ್
ಗಾಯದ ಫೋಟೋ ನಾವು ಜಾಸ್ತಿ ಹಾಕೋದು. ಹಸಿರು ಬಟ್ಟೆ ಹೊದಿಸಿ ಗಾಯ ಅಷ್ಟೇ ಕಾಣೋ ಹಾಗೆ, ಪಕ್ಕದಲ್ಲಿ ಅಳತೆ ಪಟ್ಟಿ. ಒಂದು ಸಲ ಹಚ್ಚೆ ಅರ್ಧ ಕಂಡುಬಿಟ್ಟಿತ್ತು, ಹೆಂಡತಿ ಹೆಸರು.

ಪಿಜಿ_ಎರಡನೇವರ್ಷ
ಮುಖ ಇದ್ದರೆ ಕಣ್ಣಿಗೆ ಕಪ್ಪು ಪಟ್ಟಿ ಹಾಕ್ತೀವಿ.

ಹಳೇ_ಮೆಟ್ರನ್
ನಿನ್ನ ಅಪ್ಪನ ಕಣ್ಣಿಗೆ ಪಟ್ಟಿ ಕಟ್ಟಿದರೆ ಗುರುತು ಹಿಡಿಯಲ್ವಾ ನೀನು? ವೈದ್ಯಕೀಯ ಜರ್ನಲ್ ಸಂಪಾದಕರೂ ಅದು ಸಾಲದು ಅಂತ ಬರೆದಿಟ್ಟು ಎಷ್ಟೋ ವರ್ಷ ಆಯ್ತು.

ಜಾಣ_ಜನರಲ್
ನಾನು ಸುಲಭ ದಾರಿ ಕಂಡುಕೊಂಡಿದ್ದೀನಿ. ಗಂಡಸಾದರೆ ಹೆಂಗಸು ಅಂತ ಹಾಕ್ತೀನಿ, ವಯಸ್ಸು ಹತ್ತು ವರ್ಷ ಏರಿಸ್ತೀನಿ. ಯಾರಿಗೂ ಸಿಗಲ್ಲ.

ಅರವಳಿಕೆ_25
ನಿಮ್ಮ ಉದ್ದೇಶ ಸರಿ, ದಾರಿ ಅಪಾಯದ್ದು. ಕ್ರಿಯಾಟಿನಿನ್‌ನಿಂದ ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ಲೆಕ್ಕ ಹಾಕೋಕೆ ವಯಸ್ಸು, ಲಿಂಗ ಎರಡೂ ಬೇಕು. ನೀವು 46ರ ಗಂಡಸನ್ನು 56ರ ಹೆಂಗಸು ಮಾಡಿದರೆ ಅದೇ ಕ್ರಿಯಾಟಿನಿನ್‌ಗೆ ಕಿಡ್ನಿ ಇನ್ನೂ ಕೆಟ್ಟಿದೆ ಅಂತ ಬರುತ್ತೆ. ಯಾರೋ ಪಾಪ ಆ ಲೆಕ್ಕದಲ್ಲೇ ಡಿಗಾಕ್ಸಿನ್ ಡೋಸ್ ಹೇಳ್ತಾರೆ. ಬಿಟ್ಟುಬಿಡಿ, ಇಲ್ಲ ಮಸುಕು ಮಾಡಿ. ಸುಳ್ಳು ಮಾತ್ರ ಹೇಳಬೇಡಿ. ಬಿಟ್ಟಿದ್ದು ಬೇಕು ಅನ್ನಿಸಿದರೆ ಕೇಳ್ತಾರೆ, ಸುಳ್ಳನ್ನು ಯಾರೂ ಕೇಳಲ್ಲ.

ಜಾಣ_ಜನರಲ್
ಹ್ಮ್. ಡೋಸ್ ಕೇಳೋ ಕೇಸಲ್ಲಿ ಮಾಡಲ್ಲ ಬಿಡಿ. ಚರ್ಮದ ಕೇಸಿಗೆ ಏನಾಗುತ್ತೆ ಅಂತ ಇನ್ನೂ ಅನುಮಾನ ಇದೆ.

ದಾಖಲೆಕೋಣೆ
ನಾನು ವೈದ್ಯಕೀಯ ದಾಖಲೆಗಳ ವಿಭಾಗ. ನಿಮ್ಮ ಮೆಸೇಜಿನಲ್ಲಿ ಯಾವ ಒಂದು ಪದವೂ ರೋಗಿಯ ಗುರುತಲ್ಲ, ಒಟ್ಟಿಗೆ ಸೇರಿದಾಗ ಗುರುತು ಅನ್ನೋದನ್ನು ಗಮನಿಸಿ. ಇದಕ್ಕೆ ಹಳೇ ಉದಾಹರಣೆ ಇದೆ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿದ್ದರು. ಲತಾನ್ಯಾ ಸ್ವೀನಿ ಅನ್ನೋ ವಿದ್ಯಾರ್ಥಿನಿ 20 ಡಾಲರ್ ಕೊಟ್ಟು ಮತದಾರರ ಪಟ್ಟಿ ತಗೊಂಡು ಎರಡನ್ನೂ ಪಕ್ಕಪಕ್ಕ ಇಟ್ಟರು. ಹುಟ್ಟಿದ ತಾರೀಕು, ಲಿಂಗ, ಅಂಚೆ ಸಂಖ್ಯೆ, ಇಷ್ಟರಲ್ಲೇ ಅಲ್ಲಿನ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆ ಸಿಕ್ಕಿತು.

ಜಾಣ_ಜನರಲ್
ಅವರು ಗವರ್ನರ್ ಸ್ವಾಮಿ. 1996ರಲ್ಲಿ ಸಭೆಯಲ್ಲೇ ಕುಸಿದು ಬಿದ್ದು ಪೇಪರಿನಲ್ಲೆಲ್ಲ ಬಂದಿತ್ತು. ಹುಡುಕೋದು ಸುಲಭವೇ. ಸಾಮಾನ್ಯ ಜನರಿಗೆ ಅದು ಅನ್ವಯಿಸಲ್ಲ ಅಂತ ಆಮೇಲೆ ಆಕ್ಷೇಪವೂ ಬಂತು.

ದಾಖಲೆಕೋಣೆ
ಬಂತು, ನಿಜ. ಆದ್ರೆ ನಮ್ಮ ಮೇಷ್ಟ್ರೂ ಜನರ ಮುಂದೆಯೇ ಕುಸಿದು ಬಿದ್ದಿದ್ದು. ಅವರ ಪಾಲಿನ ಪೇಪರು ಆ ಹುಡುಗಿ. ಹುಡುಕೋರಿಗೆ ಹೊರಗಿನಿಂದ ಮೊದಲೇ ಏನು ಗೊತ್ತಿದೆ ಅನ್ನೋದನ್ನು ನಾವು ಯಾರೂ ಲೆಕ್ಕ ಹಾಕೋಕೆ ಆಗಲ್ಲ. ಅದಕ್ಕೇ ಘಟನೆ, ಜಾಗ, ದಿನ, ವೃತ್ತಿ ಈ ನಾಲ್ಕನ್ನು ನಾನು ಮೊದಲು ಕಿತ್ತುಹಾಕ್ತೀನಿ. ಕಾಯಿಲೆ ಅಪರೂಪದ್ದಾದರೆ ಇಷ್ಟು ಮಾಡಿದರೂ ಸಾಲದು, ಅಂಥದ್ದನ್ನು ದೊಡ್ಡ ಗುಂಪಿಗೆ ಹಾಕಲೇಬಾರದು.

ಪಿಜಿ_ಎರಡನೇವರ್ಷ
ದಾಖಲಾಗುವಾಗ ಎಲ್ಲರೂ ಒಪ್ಪಿಗೆಗೆ ಸಹಿ ಹಾಕಿರ್ತಾರಲ್ಲ. ಅದು ಸಾಲಲ್ವಾ?

ದಾಖಲೆಕೋಣೆ
ಅದರಲ್ಲಿ ಚಿಕಿತ್ಸೆಗೆ ಒಪ್ಪಿಗೆ ಅಂತಿರುತ್ತೆ. ನೋಡಿಕೊಳ್ಳೋ ತಂಡದೊಳಗೆ ಮಾತಾಡೋದು ಅದರಲ್ಲಿ ಸೇರುತ್ತೆ. ಬೇರೆ ಆಸ್ಪತ್ರೆಗಳ ಇನ್ನೂರು ಜನರ ಗುಂಪು ಹೇಗೆ ಸೇರುತ್ತೆ ತಮ್ಮಾ?

ವಾರ್ಡ್_ಏಳು
ನಾನು ಸ್ವಲ್ಪ ಉಲ್ಟಾ ಹೇಳ್ತೀನಿ, ಬೈಬೇಡಿ. ನಮ್ಮಲ್ಲಿ ಇಂಥದ್ದೇ ಗಲಾಟೆ ಆದ ಮೇಲೆ ಎಲ್ಲಾ ಮೆಸೇಜಲ್ಲೂ ಹೆಸರು, ನಂಬರು ನಿಷೇಧ ಮಾಡಿಬಿಟ್ಟರು. ವಾರ್ಡಿನ ಒಳಗಿನ ಗುಂಪಿಗೂ ಸೇರಿಸಿ. "ಬೆಡ್ 7" ಅಂತ ಅಷ್ಟೇ ಬರೀಬೇಕು.

ಒಂದು ಮಧ್ಯಾಹ್ನ ಡಾಕ್ಟರ್ ಹಾಕಿದರು, "ಬೆಡ್ 7ಕ್ಕೆ ಪೊಟ್ಯಾಸಿಯಂ ಕಮ್ಮಿ, ಡ್ರಿಪ್‌ನಲ್ಲಿ ಕೆಸಿಎಲ್ ಶುರು ಮಾಡಿ." ಅವರು ರೌಂಡ್ಸ್ ಮಾಡಿದ್ದು ಬೆಳಿಗ್ಗೆ. ಹನ್ನೊಂದಕ್ಕೆ ಆ ರೋಗಿಯನ್ನು 12ಕ್ಕೆ ಬದಲಾಯಿಸಿ 7ಕ್ಕೆ ಹೊಸಬರನ್ನು ಮಲಗಿಸಿದ್ದೆವು. ಹೊಸಬರ ಕಿಡ್ನಿ ಹೋಗಿತ್ತು, ಅವರ ಪೊಟ್ಯಾಸಿಯಂ 5.9. ನಾನು ಬಾಟಲಿಗೆ ಕೆಸಿಎಲ್ ಸೇರಿಸಿ ನೇತುಹಾಕಿದ್ದೆ, ಸೆಟ್ ಜೋಡಿಸೋಕೆ ಮುಂಚೆ ಅಭ್ಯಾಸಬಲದಿಂದ ಕೈಪಟ್ಟಿ ಓದಿ ರಿಪೋರ್ಟ್ ತಿರುವಿದೆ. ಕೈ ನಡುಗಿತು. ಐದು ನಿಮಿಷ ಕುರ್ಚಿ ಮೇಲೆ ಕೂತೆ.

ಹೆಸರು ತೆಗೆಯೋದೂ ಎಲ್ಲಾ ಕಡೆ ಸರಿಯಲ್ಲ.

ಅರವಳಿಕೆ_25
ಬೈಯೋದು ಹಾಗಿರಲಿ, ಈ ಚರ್ಚೆಯಲ್ಲಿ ಎಲ್ಲರೂ ಓದಬೇಕಾದ್ದು ಇದು. ನೋಡಿಕೊಳ್ತಿರೋ ತಂಡಕ್ಕೆ ರೋಗಿ ಯಾರು ಅನ್ನೋದು ಅನುಮಾನಕ್ಕೆ ಎಡೆಯಿಲ್ಲದೆ ಗೊತ್ತಾಗಬೇಕು, ಪೂರ್ತಿ ಹೆಸರು, ನೋಂದಣಿ ಸಂಖ್ಯೆ ಎರಡೂ. ಸಲಹೆ ಕೇಳೋ ಗುಂಪಿಗೆ ಯಾರು ಅನ್ನೋದು ಗೊತ್ತಾಗಲೇಬಾರದು. ಒಂದೇ ನಿಯಮ ಎರಡಕ್ಕೂ ಹಾಕಿದರೆ ಒಂದು ಕಡೆ ಮಾನ ಹೋಗುತ್ತೆ, ಇನ್ನೊಂದು ಕಡೆ ಜೀವ. ಕೆಸಿಎಲ್ ಆದೇಶ ಫೋನ್ ಗುಂಪಿನಲ್ಲಿ ಬರಲೇಬಾರದು ಬಿಡಿ, ಆಸ್ಪತ್ರೆಯ ಆದೇಶದ ಹಾಳೆಯಲ್ಲೋ ಸಾಫ್ಟ್‌ವೇರಿನಲ್ಲೋ ಇರಬೇಕು.

ವಾರ್ಡ್_ಏಳು
ಇರಬೇಕು ಸರ್. ಆ ಸಾಫ್ಟ್‌ವೇರ್ ತೆರೆಯೋಕೆ ಆರು ನಿಮಿಷ ತಗೊಳ್ಳುತ್ತೆ, ವಾಟ್ಸಾಪ್ ಆರು ಸೆಕೆಂಡ್. ಇದನ್ನು ಯಾರು ಸರಿ ಮಾಡ್ತಾರೆ?

ಇಸಿಜಿ_ಹುಚ್ಚ
ರಾತ್ರಿಪಾಳಿಯವರೇ, ಆ ಮೆಸೇಜ್ ಅಳಿಸಿದ್ರಾ?

ರಾತ್ರಿಪಾಳಿ_ಡಾಕ್ಟರ್
ಗೊತ್ತಾಗೋ ಹೊತ್ತಿಗೆ ಎರಡು ವಾರ ಆಗಿತ್ತು. ಎಲ್ಲರ ಫೋನಿಂದ ಅಳಿಸೋ ಅವಕಾಶ ಎರಡು ದಿನ ಚಿಲ್ಲರೆ ಅಷ್ಟೇ. ಅಡ್ಮಿನ್ ತೆಗೆದರೂ ಗ್ಯಾಲರಿಗೆ ತಾನಾಗಿ ಇಳಿದಿದ್ದನ್ನು ಏನು ಮಾಡ್ತೀರಿ? ಒಬ್ಬರ ಫೋನಿನ ಫೋಟೋಗಳು ಮನೆಯ ಟ್ಯಾಬ್‌ಗೂ ಹೋಗ್ತವಂತೆ, ಮಕ್ಕಳು ಆಟ ಆಡೋ ಟ್ಯಾಬು. 214 ಜನರಿಗೂ ಒಬ್ಬೊಬ್ಬರಿಗೇ ಅಳಿಸಿ ಅಂತ ಬರೆದೆ. 131 ಜನ ಅಳಿಸಿದ್ದೀವಿ ಅಂದರು. ಗುಂಪಿನಲ್ಲಿ ಮೂವರು ಯಾರು ಅಂತಲೇ ಅಡ್ಮಿನ್‌ಗೆ ಗೊತ್ತಿಲ್ಲ.

ಜಾಣ_ಜನರಲ್
ಎಲ್ಲಾ ಸರಿ. ಆದ್ರೆ ಈಗ ನೀವು ಮತ್ತೆ ಅದೇ ಮಾಡಿದ್ರಲ್ಲ? ಮೇಷ್ಟ್ರು, ಎಚ್‌ಐವಿ, ಪಾಠ, ಹುಡುಗಿ, ಎಲ್ಲಾ ಇಲ್ಲಿ ಬಂತು. ಇಲ್ಲಿ 214 ಅಲ್ಲ, ಯಾರು ಬೇಕಾದರೂ ಓದಬಹುದು.

ಐಸಿಯು_ಸಿಸ್ಟರ್
ಅಯ್ಯೋ ಹೌದಲ್ಲಾ.

ರಾತ್ರಿಪಾಳಿ_ಡಾಕ್ಟರ್
ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು. ಅವರು ಸಂಗೀತ ಮೇಷ್ಟ್ರಲ್ಲ. ವಯಸ್ಸು, ಬಿದ್ದ ಸಂದರ್ಭ, ಆ ನರ್ಸಿನ ಸಂಬಂಧ, ಯಾವುದೂ ನಿಜದ್ದಲ್ಲ. ಇಲ್ಲಿ ನಾನು ಡೋಸ್ ಕೇಳ್ತಿಲ್ಲ, ಹಾಗಾಗಿ ಬದಲಾಯಿಸಬಹುದು ಅಂದುಕೊಂಡೆ. ಔಷಧಿ, ಅಂಕಿ ಮಾತ್ರ ಮುಟ್ಟಿಲ್ಲ.

ಹಾಕೋ ಮುಂಚೆ ಇಡೀ ಬರಹ ಅವರಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದರು. ಒಂದು ಸಾಲು ತೆಗೆಸಿದರು. ನನಗೆ ಅದರಲ್ಲಿ ಗುರುತು ಸಿಗೋ ಅಂಥದ್ದು ಏನೂ ಕಂಡಿರಲಿಲ್ಲ. "ನಿಮಗೆ ಕಾಣಲ್ಲ, ನಮ್ಮ ಬೀದಿಯವರಿಗೆ ಕಾಣುತ್ತೆ" ಅಂದರು.

ದಾಖಲೆಕೋಣೆ
ಯಾವ ಸಾಲು ಅಂತ ಕೇಳೋ ಹಾಗಿಲ್ಲ!

ಪಿಜಿ_ಎರಡನೇವರ್ಷ
ರಾತ್ರಿ ಎರಡೂವರೆಗೆ, ನಾಡಿ 38 ಇರೋರಿಗೆ ಓದಿ ತೋರಿಸೋಕೆ ಆಗುತ್ತಾ ಸರ್? ಕಲಿಯೋಕೆ ಹಾಕೋ ಕೇಸಿಗೆ ಸರಿ. ತುರ್ತಿಗೆ?

ಅರವಳಿಕೆ_25
ತುರ್ತಿಗೆ ಆಗಲ್ಲ. ಅಲ್ಲಿ ಮೇಲೆ ಬರೆದ ಹಾಗೆ ಒಣ ಮೆಸೇಜು ಅಷ್ಟೇ. ಅದಕ್ಕಿಂತ ಮೊದಲು, ಆ ಸೀನಿಯರ್ ಯಾಕೆ ಫೋನ್ ಎತ್ತಲಿಲ್ಲ ಅನ್ನೋದನ್ನು ಯಾರಾದರೂ ಕೇಳಿದ್ರಾ? ಡ್ಯೂಟಿ ಡಾಕ್ಟರ್ ಕರೆದರೆ ಎತ್ತೋರು ಒಬ್ಬರಿದ್ದಿದ್ದರೆ ಈ ಗುಂಪಿಗೆ ಬರೋ ಪ್ರಮೇಯವೇ ಇರಲಿಲ್ಲ.

ರಾತ್ರಿಪಾಳಿ_ಡಾಕ್ಟರ್
ಅದನ್ನು ಇಲ್ಲಿ ಬರೆದರೆ ಸೀನಿಯರ್ ಯಾರು ಅಂತ ಗೊತ್ತಾಗಿಬಿಡುತ್ತೆ ಸರ್.

ಹಳೇ_ಮೆಟ್ರನ್
ಹುಡುಗ ಕಲಿತ.